ಕಾರ್ಡು ಬ್ಲಾಕ್ ಮಾಡಿದೆ, ಬಾಗಿಲು ತೆರೆದೇ ಇತ್ತು

2024ರ ಏಪ್ರಿಲ್ 5, ಶುಕ್ರವಾರ. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವಾಗ ಬೀಗರಿಗೆ ಡ್ಯಾಮ್ ತೋರಿಸೋಣವೆಂದು ನವಿಲುತೀರ್ಥಕ್ಕೆ ಗಾಡಿ ತಿರುಗಿಸಿದ್ದೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಮಲಪ್ರಭೆ ತೀರಾ ಹಿಂದೆ ಸರಿದಿತ್ತು. ಜೇಬಿನಲ್ಲಿ ಮೊಬೈಲ್ ಗುಂಯ್ ಎಂದಿತು. ಡೆಬಿಟ್ ಕಾರ್ಡಿನಿಂದ 3,630 ರೂಪಾಯಿ ಹೋಗಿತ್ತು. ಹೆಂಡತಿ ಇಣುಕಿ ನೋಡಿ, "ಮೊನ್ನೆ ಸಾವಿರದಾ ಇನ್ನೂರಾ ಹತ್ತು ಹೋಗಿತ್ತಲ್ರೀ, ಅದೇ ಹೆಸರು ಐತಿ" ಎಂದಳು. ಆಕೆ ಹೇಳಿದ್ದು ಮಾರ್ಚ್ 5ರ ಮೆಸೇಜು. ಫೆಬ್ರುವರಿಯಲ್ಲೂ, ಜನವರಿಯಲ್ಲೂ ಐದನೇ ತಾರೀಖಿಗೇ ಅದೇ 1,210 ಹೋಗಿತ್ತು. ಮೂರು ಸಲವೂ "ಏನೋ ಅಂಗಡೀದು ಇರಬೇಕು" ಎಂದು ಮೆಸೇಜು ಸರಿಸಿದವನು ನಾನೇ.

ಬೈಲಹೊಂಗಲದಲ್ಲಿ ನನ್ನದೊಂದು ಫ್ಲೆಕ್ಸ್, ಲಗ್ನಪತ್ರಿಕೆ ಅಂಗಡಿ. ಹಿಂದಿನ ವರ್ಷ ಒಂದು ವಿದೇಶಿ ಡಿಸೈನ್ ಜಾಲತಾಣದಲ್ಲಿ ಪುಕ್ಕಟೆ ಟ್ರಯಲ್‌ಗೆಂದು ಕಾರ್ಡಿನ ನಂಬರು ಕೊಟ್ಟಿದ್ದೆ. ಅದು ಸ್ವೀಕರಿಸಲಿಲ್ಲವೆಂದು ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನೂ ಆನ್ ಮಾಡಿದ್ದೆ. ಟ್ರಯಲ್ ಮುಗಿಯುವ ಮೊದಲೇ ರದ್ದು ಮಾಡಿ ಪುಕ್ಕಟೆ ಖಾತೆಗೆ ಮರಳಿದೆ. ಕಾರ್ಡು ಮಾತ್ರ ಅಲ್ಲೇ ಉಳಿಯಿತು, ಸ್ವಿಚ್ಚೂ ಆನ್ ಆಗಿಯೇ ಉಳಿಯಿತು. ನಮ್ಮ ದೇಶದೊಳಗಿನ ಅಂಗಡಿಯಾಗಿದ್ದರೆ ಹೊಸ ಕಂತು ಶುರುವಾಗುವಾಗ ಒಟಿಪಿ ಕೇಳುತ್ತಿತ್ತು. ಬಹಳಷ್ಟು ವಿದೇಶಿ ವ್ಯಾಪಾರಿಗಳು ಅದನ್ನು ಕೇಳುವುದೇ ಇಲ್ಲ, ಕಾರ್ಡಿನ ವಿವರ ಇದ್ದರೆ ಆಯಿತು. ಆ ಜಾಲತಾಣಕ್ಕೂ ನನ್ನ ಜಿಮೇಲ್‌ಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೆ. ಒಳಹೊಕ್ಕವನಿಗೆ ಇನ್ನೇನು ಬೇಕು?

ಲೆಕ್ಕ ನೋಡಿ. ಅವನು ಹತ್ತಿಸಿದ್ದು ತಿಂಗಳಿಗೆ 14 ಡಾಲರಿನ ಪ್ಲಾನ್. ಡಾಲರಿಗೆ 83 ಹಿಡಿದರೆ 1,162 ರೂಪಾಯಿ. ಅದರ ಮೇಲೆ ನನ್ನ ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ 3.5%, ಅಂದರೆ 40 ರೂಪಾಯಿ 67 ಪೈಸೆ. ಆ ಮಾರ್ಕಪ್ಪಿನ ಮೇಲೆ 18% ಜಿಎಸ್‌ಟಿ, 7 ರೂಪಾಯಿ 32 ಪೈಸೆ. ಕೂಡಿಸಿದರೆ 1,210. ಇಂಥ ಮೊತ್ತ ಕಂಡಾಗ ಇದು ಡಾಲರಿನ ಬಿಲ್ಲು ಎಂದು ಹೊಳೆಯುವುದಿಲ್ಲ, ಅಂಗಡಿಯ ಯಾವುದೋ ಖರ್ಚಿನ ಹಾಗೆ ಕಾಣುತ್ತದೆ. ಮೂರು ತಿಂಗಳು ನಾನು ಸುಮ್ಮನಿದ್ದುದನ್ನು ನೋಡಿ ಅವನು ಅದೇ ಖಾತೆಗೆ ಇನ್ನಿಬ್ಬರು "ಸದಸ್ಯರನ್ನು" ಸೇರಿಸಿದ. ಮೂರು ಸೀಟಿಗೆ 42 ಡಾಲರ್, ಅದೇ 3,630. ಮೂರು ತಿಂಗಳ ನನ್ನ ನಿದ್ದೆಯ ಬೆಲೆಯೂ ಸರಿಯಾಗಿ 3,630 ಆಗುತ್ತದೆ.

ಡ್ಯಾಮಿನ ಬಳಿಯಿಂದಲೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ಬ್ಲಾಕ್ ಮಾಡಿಸಿ ದೂರಿನ ನಂಬರು ತೆಗೆದುಕೊಂಡೆ. ಸೋಮವಾರ ಶಾಖೆಯಲ್ಲಿ ಲಿಖಿತ ದೂರನ್ನೂ ಕೊಟ್ಟೆ. ನಾನು ಸರಿಯಾಗಿ ಮಾಡಿದ್ದು ಇದೊಂದೇ. ನನಗೆ ಅನ್ವಯಿಸಿದ್ದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂಬಂಥ ವಂಚನೆಯನ್ನು ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ ಎಂದಿತ್ತು ಅದು. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವನಿಗೆ 10,000 ರೂಪಾಯಿವರೆಗೆ ಹೊಣೆ, ಏಳು ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಏಪ್ರಿಲ್‌ನ 3,630 ಹತ್ತು ಕೆಲಸದ ದಿನಗಳೊಳಗೆ ಖಾತೆಗೆ ಮರಳಿತು. ಅದಕ್ಕೆ ಹಿಂದಿನ ಮೂರು ತಿಂಗಳದ್ದು ಹೋದದ್ದು ಹೋಯಿತು. ತಡ ಮಾಡಿದ್ದಕ್ಕೆ ಯಾರ ಮುಖ ನೋಡಲಿ?

ಆ ಶಾಖೆಯಲ್ಲಿ ಇನ್ನೊಂದು ನಡೆಯಿತು. ಕೌಂಟರಿನ ಹುಡುಗಿ, "ಅಣ್ಣಾರ, ಹೊಸಾ ಕಾರ್ಡ್ ಬರಾಕ ಎಂಟು ದಿನಾ ಆಕ್ಕೈತ್ರಿ. ಇದರ ಜೊತಿ ಕಾರ್ಡ್ ಪ್ರೊಟೆಕ್ಷನ್ ಪ್ಲಾನ್ ತಗೊಳ್ರಿ" ಎಂದಳು. ವರ್ಷಕ್ಕೆ ಸಾವಿರದ ಚಿಲ್ಲರೆ, ಪ್ರತಿ ವರ್ಷ ತಾನಾಗಿಯೇ ಖಾತೆಯಿಂದ ಕಡಿತ! ಕಂತಿನ ಕಳ್ಳತನದ ದೂರು ಕೊಡಲು ಬಂದವನಿಗೇ ಇನ್ನೊಂದು ಕಂತು. ಒಂದು ಫೋನ್ ಕರೆಗೆ ಪುಕ್ಕಟೆಯಾಗಿ ಬ್ಲಾಕ್ ಆಗುವ ಕಾರ್ಡಿಗೆ, ಸಕಾಲಕ್ಕೆ ತಿಳಿಸಿದರೆ ಸುತ್ತೋಲೆಯೇ ರಕ್ಷಣೆ ಕೊಡುವ ದುಡ್ಡಿಗೆ, ಬೇರೆ ಕಾವಲು ಯಾಕೆ ಬೇಕು? ನಾನಂತೂ ತಗೊಳ್ಳಲಿಲ್ಲ.

ನಿಜವಾಗಿ ದುಬಾರಿಯಾದ ತೀರ್ಮಾನ ಮುಂದೆ ಬಂತು. ಮೇ 6ರಂದು ಡಿಸೈನ್ ಖಾತೆ ತೆರೆದರೆ ಮೇಲೆ ಕೆಂಪು ಪಟ್ಟಿ: ಹಣ ಬಂದಿಲ್ಲ, ಕಾರ್ಡು ಬದಲಿಸಿ, ಇಲ್ಲದಿದ್ದರೆ ಫೈಲುಗಳು ಅಳಿಯುತ್ತವೆ. ಅದರಲ್ಲಿ ನನ್ನ ಹನ್ನೊಂದು ಲಗ್ನಪತ್ರಿಕೆಯ ಮಾದರಿಗಳಿದ್ದವು, ಮದುವೆಯ ಸೀಸನ್ನು ಬೇರೆ. ಏಪ್ರಿಲ್‌ನಲ್ಲೇ ಪಾಸ್‌ವರ್ಡ್ ಬದಲಿಸಿದ್ದೇನಲ್ಲ ಎಂಬ ಧೈರ್ಯದಲ್ಲಿ ಹೊಸ ಕಾರ್ಡಿನ ನಂಬರು ಒತ್ತಿದೆ, ಅದಕ್ಕೂ ಅಂತರರಾಷ್ಟ್ರೀಯ ಸ್ವಿಚ್ಚು ಆನ್ ಮಾಡಿ. ಮರುಕ್ಷಣ 6,050 ಹೋಯಿತು. ಅಷ್ಟರಲ್ಲಿ ಸೀಟುಗಳು ಐದಾಗಿದ್ದವು, 70 ಡಾಲರ್. ನನ್ನ ಪಾಸ್‌ವರ್ಡ್ ಬದಲಾದರೇನು? ಅವನು ಸೇರಿಸಿದ ಸದಸ್ಯರಿಗೆ ಅವರವರದೇ ಪಾಸ್‌ವರ್ಡ್ ಇತ್ತು, ಒಬ್ಬನಿಗಂತೂ ಅಡ್ಮಿನ್ ಅಧಿಕಾರವೂ ಇತ್ತು. ಬ್ಯಾಂಕಿನವರು ಈ ಸಲ ತಲೆಯಾಡಿಸಿದರು: ಕಾರ್ಡು ಕೊಟ್ಟವರು ನೀವೇ ಅಲ್ಲವೇ? ನನ್ನ ಹತ್ತಿರ ಉತ್ತರವಿರಲಿಲ್ಲ.

ಹಾಗಾಗಿ ಈಗ ನಾನು ಹೇಳುವ ಕ್ರಮವೇ ಬೇರೆ. ಮೊದಲು ಮೆಸೇಜು ಮತ್ತು ಸ್ಟೇಟ್‌ಮೆಂಟಿನ ಸಾಲುಗಳ ಸ್ಕ್ರೀನ್‌ಶಾಟ್ ತೆಗೆದು, ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆಫ್ ಮಾಡಿ. ಅರ್ಧ ನಿಮಿಷದ ಕೆಲಸ, ಡಾಲರಿನ ಹೊಸ ಬಿಲ್ಲುಗಳೆಲ್ಲ ಅಲ್ಲೇ ನಿಲ್ಲುತ್ತವೆ. ಕೂಡಲೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ಬ್ಲಾಕ್ ಮಾಡಿಸಿ ದೂರಿನ ನಂಬರು ಪಡೆಯಿರಿ, ದೂರಿನ ಗಡುವು ನಿಮಗಾಗಿ ಕಾಯುವುದಿಲ್ಲ. 1930ಕ್ಕೆ ಕರೆ ಮಾಡಿ ಅಥವಾ cybercrime.gov.in ನಲ್ಲಿ ದೂರು ಸಲ್ಲಿಸಿ, ಅದರ ಸ್ವೀಕೃತಿಯನ್ನೂ ಬ್ಯಾಂಕಿಗೆ ಕೊಡಿ.

ಆಮೇಲೆ ಮೇಲ್. ಡಿಸೈನ್ ಖಾತೆಗಿಂತ ಅದೇ ಮೊದಲು, ಯಾಕೆಂದರೆ ಬೇರೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಇದನ್ನು ಅನುಮಾನದ ಮೊಬೈಲಿನಲ್ಲಿ ಮಾಡಬೇಡಿ, ಮನೆಯ ಇನ್ನೊಂದು ಸಾಧನದಲ್ಲಿ ಮಾಡಿ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ, ಗುರುತಿಲ್ಲದ ಸಾಧನಗಳನ್ನೆಲ್ಲ ಹೊರಗೆ ಕಳಿಸಿ, ರಿಕವರಿ ನಂಬರು ನಿಮ್ಮದೇ ಇದೆಯೇ ನೋಡಿ. ಬಳಿಕ ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್‌ನ "Filters and Blocked Addresses" ಮತ್ತು "Forwarding and POP/IMAP" ತೆರೆಯಿರಿ. ನನ್ನದರಲ್ಲಿ ಡಿಸೈನ್ ಕಂಪನಿಯ ಮೇಲ್‌ಗಳೆಲ್ಲ ಇನ್‌ಬಾಕ್ಸ್ ತಪ್ಪಿಸಿ ಹೋಗುವಂತೆ ಒಂದು ಫಿಲ್ಟರ್ ಕೂತಿತ್ತು. ನಾಲ್ಕು ತಿಂಗಳ ರಸೀದಿ ಒಂದೂ ನನ್ನ ಕಣ್ಣಿಗೆ ಬೀಳದಿದ್ದುದು ಅದರಿಂದ. ಪಾಸ್‌ವರ್ಡ್ ಬದಲಿಸಿದರೂ ಫಿಲ್ಟರ್ ತಾನಾಗಿ ಅಳಿಯುವುದಿಲ್ಲ.

ಮೂರನೆಯದಾಗಿ ಕಂತು ಹುಟ್ಟಿದ ಖಾತೆ. ಅಲ್ಲಿ ಮೊದಲು ಸದಸ್ಯರನ್ನು ತೆಗೆಯಿರಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಸೆಷನ್‌ಗಳನ್ನು ಮುಚ್ಚಿ, ಪ್ಲಾನ್ ರದ್ದು ಮಾಡಿ, ಕೊನೆಗೆ ಕಾರ್ಡು ತೆಗೆಯಿರಿ. ಇದನ್ನು ತಿರುವುಮುರುವು ಮಾಡಿ ಮೊದಲು ಪ್ಲಾನ್ ರದ್ದು ಮಾಡಿದರೆ, ಒಳಗಿದ್ದವನು ಉಳಿದಿರುವ ಕಾರ್ಡಿನ ಮೇಲೆ ಮತ್ತೆ ಹತ್ತಿಸುತ್ತಾನೆ. ಯುಪಿಐ ಆಟೋಪೇ ಇದ್ದವರು ಅದರ ಪಟ್ಟಿಯನ್ನೂ ನೋಡಬೇಕು. ಆ್ಯಪ್ ಅಳಿಸಿದರೆ ಮ್ಯಾಂಡೇಟ್ ಅಳಿಯುವುದಿಲ್ಲ, ಅದನ್ನೇ ಹುಡುಕಿ ರದ್ದು ಮಾಡಬೇಕು.

ಇಷ್ಟಾದ ಮೇಲೂ ಒಂದು ಬಿಲ್ಲಿನ ತಾರೀಖು ಸದ್ದಿಲ್ಲದೆ ದಾಟುವವರೆಗೆ ಹೊಸ ಕಾರ್ಡನ್ನು ಎಲ್ಲಿಯೂ ಕೊಡಬಾರದು. ಮೊದಲೆಲ್ಲ ಹತ್ತಿ ಅಡತಿಯವರು ಕಿರ್ದಿಯ ಒಂದು ಸಾಲು ತಾಳೆಯಾಗದಿದ್ದರೆ ರಾತ್ರಿ ಊಟಕ್ಕೆ ಏಳುತ್ತಿರಲಿಲ್ಲ. ನಾವು ಮೆಸೇಜನ್ನು ಬೆರಳಲ್ಲಿ ಸರಿಸಿ ನಿದ್ದೆ ಹೋಗುತ್ತೇವೆ.

ಜೂನ್ 5 ಸುಮ್ಮನೆ ದಾಟಿತು, ಜುಲೈ 5 ಕೂಡ. ಡಿಸೈನ್ ಖಾತೆಯನ್ನೇ ಮುಚ್ಚಿದೆ. ಯಾವ ಹನ್ನೊಂದು ಮಾದರಿಗಳನ್ನು ಉಳಿಸಲು 6,050 ಕಳೆದೆನೋ, ಅವುಗಳನ್ನು ಹಳೇ ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು ಎರಡು ಸಂಜೆಯಲ್ಲಿ ಮತ್ತೆ ಮಾಡಿಕೊಂಡೆ.