ಡ್ರಮ್ಮಿನ ದರ ಇಳಿಸಿದ್ದು ಯಾರು?

ತಮ್ಮಾ, ಭಾಲ್ಕಿ, ಔರಾದ್ ಕಡೆಯಿಂದ ಬಂದು ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಖರೀದಿ ವಿಭಾಗ ಸೇರಿದ ಹುಡುಗ ಹುಡುಗಿಯರ ಪ್ರೊಫೈಲುಗಳನ್ನು ಆಗಾಗ ಓದುತ್ತೇನೆ. ಬೇರೆ ಕೆಲಸ ಹುಡುಕುವ ಮುಂಚೆ ಒಮ್ಮೆ ನೋಡಿ ಕೊಡಿ ಅಂತ ಕಳಿಸುತ್ತಾರೆ. ಹೆಚ್ಚಿನವುಗಳಲ್ಲಿ ಒಂದೇ ಸಾಲು: 'ಪೂರೈಕೆದಾರರ ಜೊತೆ ಮಾತುಕತೆ ನಡೆಸಿ ಕಂಪನಿಗೆ ಭಾರಿ ಉಳಿತಾಯ ಮಾಡಿಕೊಟ್ಟಿದ್ದೇನೆ.' ಸಂದರ್ಶನಕ್ಕೆ ಕೂತ ಹಳೆಯ ಖರೀದಿ ಮ್ಯಾನೇಜರ್ ಇದಕ್ಕೆ ಕೇಳುವ ಮೊದಲ ಪ್ರಶ್ನೆ, ಉಳಿತಾಯ ಯಾವುದಕ್ಕೆ ಹೋಲಿಸಿ ಅಂತ. ಬಹಳ ಜನ ಅಲ್ಲೇ ಸಿಕ್ಕಿಬೀಳುತ್ತಾರೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ರಾಸಾಯನಿಕ ಕಾರ್ಖಾನೆಗೆ ತಿಂಗಳಿಗೆ 1,000ದಂತೆ 200 ಲೀಟರಿನ ಎಚ್‌ಡಿಪಿಇ ಡ್ರಮ್ಮು ಬೇಕು, ಹೈದರಾಬಾದ್ ಕಡೆಯಿಂದ ಬರುತ್ತವೆ. ಹಳೆಯ ದರ ಗೇಟಿಗೆ ಬಂದು ಇಳಿಯುವವರೆಗೆ ಒಂದಕ್ಕೆ ₹1,450. ನೀನು ಮಾತಾಡಿ ಅದನ್ನು ₹1,370ಕ್ಕೆ ತಂದೆ. ₹80 ಇಳಿಯಿತು. ವರ್ಷಕ್ಕೆ 12,000 ಡ್ರಮ್ಮು, ₹9.6 ಲಕ್ಷ ಉಳಿತಾಯ ಅಂತ ಬರೆದುಕೊಂಡೆ.

ಈಗ ಡ್ರಮ್ಮನ್ನು ಬಿಚ್ಚಿ ನೋಡು. ಅದರಲ್ಲಿ ಸುಮಾರು 9 ಕಿಲೋ ಪ್ಲಾಸ್ಟಿಕ್ ದಾಣಾ ಇದೆ. ಹಳೆಯ ದರ ಆದಾಗ ದಾಣಾ ಕಿಲೋಗೆ ₹100 ಇತ್ತು ಅಂದರೆ ಕಚ್ಚಾಮಾಲೇ ₹900. ಉಳಿದ ₹550 ಅಚ್ಚು ಹಾಕುವ ಖರ್ಚು, ಡ್ರಮ್ಮು ಮಾಡುವವನ ಲಾಭ, ಲಾರಿ ಬಾಡಿಗೆ. ನೀನು ಮಾತಾಡುವ ಹೊತ್ತಿಗೆ ದಾಣಾ ₹96ಕ್ಕೆ ಇಳಿದಿತ್ತು, ಕಚ್ಚಾಮಾಲು ₹864 ಆಯಿತು. ಅಂದರೆ ₹36 ಮಾರುಕಟ್ಟೆ ಇಳಿಸಿದ್ದು. ನಿನ್ನ ಜಾಗದಲ್ಲಿ ಯಾವ ಚುರುಕಾದ ಖರೀದಿದಾರ ಇದ್ದರೂ ಅದನ್ನು ಕೇಳಿ ಪಡೆಯುತ್ತಿದ್ದ. ನಿನ್ನ ಕೆಲಸ ಕಾಣುವುದು ₹550 ಇದ್ದದ್ದು ₹506 ಆದ ಕಡೆ. ಡ್ರಮ್ಮಿಗೆ ₹44, ವರ್ಷಕ್ಕೆ ₹5.28 ಲಕ್ಷ.

ಅಂಕಿ ಸಣ್ಣದಾಯಿತು ಅಂತ ಬೇಜಾರಾಗಬೇಡ. ಆ ₹44 ಹೇಗೆ ಬಂತು ಅನ್ನುವುದು ₹9.6 ಲಕ್ಷಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ. ಖಾಲಿ ಡ್ರಮ್ಮಿಗೆ ತೂಕ ಕಡಿಮೆ, ಜಾಗ ಬಹಳ ಬೇಕು. ಅರ್ಧ ತುಂಬಿದ ಲಾರಿಗೂ ಪೂರ್ತಿ ಬಾಡಿಗೆ ಕೊಡಬೇಕು. ನಿಮ್ಮ ಉತ್ಪಾದನೆಯವರಿಂದ ಹದಿನೈದು ದಿನದ ಬೇಡಿಕೆ ಮೊದಲೇ ಬರೆಸಿಕೊಂಡು, ಲಾರಿ ತುಂಬಿಯೇ ಬರುವಂತೆ, ಬಂದ ದಿನವೇ ಇಳಿಸಿ ಕಳಿಸುವಂತೆ ಮಾಡಿದ್ದೀಯಾ? ಹಾಗಾದರೆ ಅದನ್ನೇ ಬರೆ. ಇನ್ನು ಮುಂದೆ ದಾಣಾ ಏರಿದರೂ ಇಳಿದರೂ ದರ ತಾನೇ ಬದಲಾಗುವಂತೆ ಸೂತ್ರವನ್ನು ಒಪ್ಪಂದಕ್ಕೆ ಸೇರಿಸಿದ್ದರೆ ಅದೂ ಇರಲಿ. ಸಾಲು ಹೀಗಾಗುತ್ತದೆ:

'ಎಚ್‌ಡಿಪಿಇ ಡ್ರಮ್ಮಿನ ದರವನ್ನು ದಾಣಾ ದರದ ಸೂತ್ರಕ್ಕೆ ಜೋಡಿಸಿ, ಪೂರ್ಣ ಲಾರಿ ಲೋಡಿನ ವ್ಯವಸ್ಥೆ ತಂದು, ಕಚ್ಚಾಮಾಲು ಹೊರತಾದ ವೆಚ್ಚವನ್ನು ಶೇ 8ರಷ್ಟು ಇಳಿಸಿದೆ; ವಾರ್ಷಿಕ ಉಳಿತಾಯ ₹5.28 ಲಕ್ಷ, ಮಾರುಕಟ್ಟೆಯ ಇಳಿಕೆ ಬಿಟ್ಟು.'

ಆ ಕೊನೆಯ ಮೂರು ಮಾತು ಓದಿದ ಕೂಡಲೆ ಎದುರಿನವ ಕುರ್ಚಿಯಲ್ಲಿ ಸರಿಯಾಗಿ ಕೂರುತ್ತಾನೆ. ಹೊಸ ದರ ಅಕ್ಟೋಬರಿನಲ್ಲಿ ಶುರುವಾಗಿದ್ದರೆ ಮಾರ್ಚ್ ಕೊನೆಗೆ ಕೈಗೆ ಬಂದದ್ದು ಅರ್ಧ, ₹2.64 ಲಕ್ಷ. ಆಗ 'ವಾರ್ಷಿಕ ದರದಲ್ಲಿ' ಅಂತ ಬರೆಯಬೇಕು. ಬೀದರಿನಂಥ ಊರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ನಿಮ್ಮ ಲೆಕ್ಕಪತ್ರದವನು ಸಂಜೆ ಸಂದರ್ಶನ ಮಾಡುವವರ ಜೊತೆ ಚಹಾ ಕುಡಿಯುವವನೇ ಆಗಿರಬಹುದು.

ಇನ್ನು ಉದ್ರಿಯ ವಿಷಯ. ಇದನ್ನು ನಾನು ಬಿಡಿಸಿ ಹೇಳಲೇಬೇಕು. 'ಪಾವತಿ ಅವಧಿಯನ್ನು 30 ದಿನದಿಂದ 60 ದಿನಕ್ಕೆ ಹೆಚ್ಚಿಸಿದೆ' ಅನ್ನುವ ಸಾಲನ್ನು ಹೆಮ್ಮೆಯಿಂದ ಹಾಕುತ್ತಾರೆ. ಡ್ರಮ್ಮು ಮಾಡುವವನು ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ಘಟಕವಾದರೆ ಈ ಹೆಮ್ಮೆಯೇ ನಿನ್ನ ಮೇಲೆ ಸಾಕ್ಷಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಕಲಂ ಪ್ರಕಾರ ಬರವಣಿಗೆಯ ಒಪ್ಪಂದ ಇದ್ದರೂ ಸರಕು ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದರ ಮೇಲೆ 2023ರ ಏಪ್ರಿಲ್‌ನಿಂದಾಚೆಯ ಲೆಕ್ಕಕ್ಕೆ ಆದಾಯ ತೆರಿಗೆಯ ಪೆಟ್ಟೂ ಸೇರಿದೆ. ಅವಧಿ ಮೀರಿ ವರ್ಷದ ಕೊನೆಗೂ ಬಾಕಿ ಉಳಿದ ಹಣವನ್ನು, ಕೊಡುವ ತನಕ ಕಂಪನಿ ಖರ್ಚು ಅಂತ ತೋರಿಸುವಂತಿಲ್ಲ. 2025ರ ಏಪ್ರಿಲ್‌ನಿಂದ ₹100 ಕೋಟಿ ವಹಿವಾಟು, ₹25 ಕೋಟಿ ಹೂಡಿಕೆಯವರೆಗಿನ ಘಟಕವೂ 'ಸಣ್ಣ'ದೇ. ಹಾಗಾಗಿ ನಿನ್ನ ಪಟ್ಟಿಯಲ್ಲಿ ನೀನು ದೊಡ್ಡವನು ಅಂದುಕೊಂಡವನೂ ಇದರೊಳಗೆ ಬರಬಹುದು. ಮಾಲು ತಂದು ಮಾರುವ ವ್ಯಾಪಾರಿಗೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ.

ಅದಕ್ಕೇ ನಿಯಮಪಾಲನೆಯ ಸಾಲನ್ನು ಇಲ್ಲಿಂದಲೇ ತೆಗೆ. ಎಷ್ಟು ಪೂರೈಕೆದಾರರಿಂದ ಉದ್ಯಮ್ ಪ್ರಮಾಣಪತ್ರ ಪಡೆದೆ, ಅವರಲ್ಲಿ ಉತ್ಪಾದಕರನ್ನೂ ವ್ಯಾಪಾರಿಗಳನ್ನೂ ಬೇರೆ ಮಾಡಿದೆಯಾ, 45 ದಿನ ಮೀರಿದ ಬಿಲ್ಲು ವರ್ಷದ ಮೊದಲು ಎಷ್ಟಿತ್ತು, ಕೊನೆಗೆ ಎಷ್ಟು ಉಳಿಯಿತು? ಜಿಎಸ್‌ಟಿಯಲ್ಲೂ ಹಾಗೇ. ಪೂರೈಕೆದಾರ ತನ್ನ ರಿಟರ್ನಿನಲ್ಲಿ ಬಿಲ್ಲು ತೋರಿಸದೆ ಅದು ನಿಮ್ಮ GSTR-2B ಪಟ್ಟಿಗೆ ಬರುವುದಿಲ್ಲ, ಬರದೆ ತೆರಿಗೆ ಜಮೆ ಸಿಗುವುದಿಲ್ಲ. ಪ್ರತಿ ತಿಂಗಳು ಆ ಪಟ್ಟಿಯ ಜೊತೆ ಬಿಲ್ಲು ತಾಳೆ ನೋಡಿ, ಬಾರದವರ ಬೆನ್ನು ಹತ್ತಿ ತರಿಸಿದ್ದರೆ ಎಷ್ಟು ರೂಪಾಯಿಯ ಜಮೆ ಉಳಿಯಿತು ಅಂತ ಬರೆ. 'ಎಲ್ಲ ನಿಯಮ ಪಾಲಿಸಿದ್ದೇನೆ' ಅನ್ನುವುದರಲ್ಲಿ ಓದುವವನಿಗೆ ಹಿಡಿದುಕೊಳ್ಳಲು ಏನೂ ಇಲ್ಲ.

ಪೂರೈಕೆದಾರರ ಪಟ್ಟಿ ಕಡಿಮೆ ಮಾಡಿದ್ದು ಸಾಧನೆಯೋ ಅಲ್ಲವೋ ಅನ್ನುವುದು ಪಟ್ಟಿಯನ್ನು ಎಣಿಸುವ ರೀತಿಯ ಮೇಲಿದೆ. ಪ್ಯಾಕಿಂಗ್ ಸಾಮಾನಿಗೆ ಕಂಪ್ಯೂಟರಿನಲ್ಲಿ 14 ಹೆಸರು ಇವೆ, ಕಳೆದ ಹನ್ನೆರಡು ತಿಂಗಳಲ್ಲಿ ಖರೀದಿ ಆದದ್ದು 6 ಜನರಿಂದ ಅಂದುಕೋ. ಉಳಿದ 8 ಹೆಸರು ಅಳಿಸಿದರೆ ಅದು ಕಸ ಗುಡಿಸಿದ ಕೆಲಸ. ಆ 6ರಲ್ಲಿ ಡ್ರಮ್ಮಿಗೆ ಒಬ್ಬನೇ ಇದ್ದು, ಅವನ ಅಚ್ಚು ಕೆಟ್ಟ ದಿನ ನಿಮ್ಮ ಕಾರ್ಖಾನೆ ನಿಲ್ಲುವಂತಿದ್ದರೆ, ಎರಡನೆಯವನನ್ನು ಮಾದರಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದು, ಶೇ 20ರಷ್ಟು ಆರ್ಡರ್ ಅವನಿಗೆ ಹೊರಳಿಸಿದ್ದೇ ದೊಡ್ಡ ಮಾತು. ಸಂಖ್ಯೆ ಹೆಚ್ಚಾಯಿತು ಅಂತ ಮುಚ್ಚಿಡಬೇಡ.

ಸರ್ಕಾರಿ ಇಲಾಖೆಯ ಖರೀದಿ ನೋಡಿಕೊಳ್ಳುವವರಿಗೆ ಇದರಲ್ಲಿ ಅರ್ಧ ಅನ್ವಯಿಸುವುದಿಲ್ಲ. ಅಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ತೆರೆದ ಮೇಲೆ ಎಲ್ಲರನ್ನೂ ಕರೆದು ಚೌಕಾಸಿ ಮಾಡುವಂತಿಲ್ಲ. 'ಗಟ್ಟಿ ಮಾತುಕತೆ' ಅಂತ ಬರೆದರೆ ಬಲ್ಲವರು ಹುಬ್ಬೇರಿಸುತ್ತಾರೆ. ಬದಲಿಗೆ, ನಿಬಂಧನೆಗಳನ್ನು ತಿದ್ದಿದ್ದರಿಂದ ಅರ್ಹ ಬಿಡ್‌ದಾರರು ಎರಡರಿಂದ ಐದಾದರು, ಅಂದಾಜಿಗಿಂತ ಎಷ್ಟು ಕಡಿಮೆಗೆ ಬಂತು ಅಂತ ಹೇಳಿ.

ಕೊನೆಗೆ, ಡ್ರಮ್ಮಿನ ದರ, ಪೂರೈಕೆದಾರನ ಹೆಸರು ಪ್ರೊಫೈಲಿನಲ್ಲಿ ಬರಕೂಡದು. ಅವು ನಿನ್ನ ಕಂಪನಿಯ ಗುಟ್ಟು. ಶೇಕಡಾವಾರು ಸಾಕು, ಲಕ್ಷದ ಮೊತ್ತ ಹಾಕುವುದಿದ್ದರೆ ನಿನ್ನ ಮೇಲಧಿಕಾರಿಯನ್ನು ಕೇಳಿಯೇ ಹಾಕು. ಸಂದರ್ಶನದಲ್ಲಿ ಹಳೆಯ ದರ ಎಷ್ಟಿತ್ತು ಅಂತ ಕೆದಕಿದರೂ ಹೇಳಬೇಡ. ಲೆಕ್ಕ ಹಾಕಿದ ಬಗೆ ಮಾತ್ರ ಹಾಳೆಯ ಮೇಲೆ ಬಿಡಿಸಿ ತೋರಿಸು.