ಚೀನೀ ಪ್ರಾಣಿವರ್ಷವು ಜನವರಿ 1ರಂದು ಮೊದಲಾಗದು

ಚೀನೀಯರು ಹನ್ನೆರಡು ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರನ್ನು ಅನುಕ್ರಮವಾಗಿ ಕೊಡುತ್ತಾರೆ. ಡಿಸೆಂಬರಿನಲ್ಲಿ ಹಗಲು ಅತ್ಯಂತ ಕಿರಿದಾಗುವ ದಿನದ ನಂತರದ ಎರಡನೆಯ ಅಮಾವಾಸ್ಯೆಯೇ ಸಾಮಾನ್ಯವಾಗಿ ಅವರ ವರ್ಷಾರಂಭ. ಅದು ಜನವರಿ 21ಕ್ಕೂ ಫೆಬ್ರವರಿ 20ಕ್ಕೂ ನಡುವೆ ಬೀಳುವುದು.

ಕವಿ ಬೇಂದ್ರೆಯವರು ಧಾರವಾಡದಲ್ಲಿ ಜನಿಸಿದ್ದು 1896ರ ಜನವರಿ 31ರಂದು. ಇಸವಿಯನ್ನಷ್ಟೇ ನೋಡುವವರು ಅದನ್ನು ಕೋತಿಯ ವರ್ಷವೆನ್ನುವರು. ಆದರೆ ಆ ವರ್ಷವು ಆರಂಭವಾದುದು ಫೆಬ್ರವರಿ 13ರ ಅಮಾವಾಸ್ಯೆಯಂದು. ಆದುದರಿಂದ ಅವರ ಜನನವು 1895ರಲ್ಲಿ ತೊಡಗಿದ ಮೇಕೆಯ ವರ್ಷಕ್ಕೆ ಸೇರುತ್ತದೆ. ನಮ್ಮಲ್ಲಿಯೂ ಆಗ ಯುಗಾದಿ ಬಂದಿರಲಿಲ್ಲ. ಹಳೆಯ ಮನ್ಮಥ ಸಂವತ್ಸರವೇ ನಡೆದಿತ್ತು.

ಹೀಗೆ, ಜನವರಿ 20ರವರೆಗೆ ಹುಟ್ಟಿದವರಿಗೆ ಹಿಂದಿನ ವರ್ಷದ ಪ್ರಾಣಿಯೇ ಸಲ್ಲುವುದು. ಅಲ್ಲಿಂದ ಫೆಬ್ರವರಿ 20ರವರೆಗೆ ಹುಟ್ಟಿದವರು ತಮ್ಮ ಜನ್ಮವರ್ಷದಲ್ಲಿ ಆ ಅಮಾವಾಸ್ಯೆಯು ಎಂದು ಬಂದಿತ್ತೆಂಬುದನ್ನು ನೋಡಿಯೇ ನಿರ್ಣಯಿಸಬೇಕು.