ಪ್ರಿಂಟರಿನ ಪುಟಮಿತಿಯೂ ಗ್ರಾಹಕನ ಹಕ್ಕೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಪಹಣಿ, ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರಗಳನ್ನು ಮುದ್ರಿಸಿಕೊಟ್ಟು ಜೀವನೋಪಾಯ ಕಂಡುಕೊಂಡವರು ಮನೆಬಳಕೆಯ ಸಣ್ಣ ಲೇಸರ್ ಪ್ರಿಂಟರನ್ನು ಕೊಳ್ಳುವಾಗ, ಅದರ ವಿವರಪತ್ರದಲ್ಲಿರುವ ಎರಡು ಸಂಖ್ಯೆಗಳ ಭೇದವನ್ನು ಅರಿತಿರಬೇಕು. ಮಾಸಿಕ ಡ್ಯೂಟಿ ಸೈಕಲ್ ಎಂಬುದು ಒಂದು ತಿಂಗಳಲ್ಲಿ ಯಂತ್ರವು ಮುದ್ರಿಸಬಲ್ಲ ಪುಟಗಳ ಪರಮಾವಧಿ. ಶಿಫಾರಸಿನ ಮಾಸಿಕ ಪುಟಸಂಖ್ಯೆಯಾದರೋ ತಿಂಗಳು ತಿಂಗಳೂ ನಿರಂತರವಾಗಿ ನಡೆಸಲು ಉಚಿತವಾದ ಪ್ರಮಾಣ. ಮೊದಲನೆಯದು ಎತ್ತಿನ ಬಂಡಿ ಒಮ್ಮೆ ಹೊರಬಲ್ಲ ಹೇರಿನಂತೆ. ಅದನ್ನೇ ನಿತ್ಯದ ಹೇರೆಂದು ಭಾವಿಸುವುದರಿಂದಲೇ ವಿವಾದ ಹುಟ್ಟುತ್ತದೆ.

ಕೊಟ್ಟೂರಿನಲ್ಲಿ ಒಬ್ಬನೇ ಕುಳಿತು ಅಂಗಡಿ ನಡೆಸುವವನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಯಂತ್ರದ ಪರಮಾವಧಿ 10,000 ಪುಟ, ಶಿಫಾರಸು 1,500. ದಿನಕ್ಕೆ 200ರಂತೆ 25 ದಿನ ಮುದ್ರಿಸಿದರೆ ತಿಂಗಳಿಗೆ 5,000 ಪುಟವಾಗಿ, ಪರಮಾವಧಿಯ ಅರ್ಧವೇ ಆದರೂ ಶಿಫಾರಸಿನ ಮೂರು ಪಟ್ಟನ್ನು ಮೀರುತ್ತದೆ. ಎಂಟು ತಿಂಗಳಿಗೆ 40,000. ಅಷ್ಟರಲ್ಲಿ, ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರಿನ ತೆಳು ಫಿಲ್ಮ್ ಸವೆದೋ ಹರಿದೋ ಹೋಗಿ, ಉಗುರಿನಿಂದ ಉಜ್ಜಿದರೆ ಅಕ್ಷರ ಉದುರತೊಡಗುತ್ತದೆ. ಪಿಕಪ್ ರೋಲರಿನ ರಬ್ಬರು ನುಣುಪಾಗಿ ಕಾಗದವನ್ನು ಎಳೆಯದೆಯೋ, ಎರಡೆರಡನ್ನು ಒಮ್ಮೆಗೇ ಎಳೆದೋ ಸಿಕ್ಕಿಸುತ್ತದೆ. ಒಂದೇ ಸಮನೆ ಮುದ್ರಿಸುವಾಗ ಶಾಖವೇರಿ ವೇಗ ಕುಗ್ಗುವುದು ದೋಷವಲ್ಲ, ಯಂತ್ರದ ಆತ್ಮರಕ್ಷಣೆ.

ವಾರಂಟಿ ಅವಧಿಯೊಳಗೇ ಹೀಗಾದಾಗ ಅತಿಬಳಕೆಯ ಕಾರಣವೊಡ್ಡಿ ದುರಸ್ತಿಯನ್ನು ನಿರಾಕರಿಸಿದರೆ, ಮೊದಲು ವಾರಂಟಿ ಕಾರ್ಡನ್ನು ಓದಬೇಕು. ರೋಲರಿನಂಥ ಸವೆಯುವ ಭಾಗಗಳನ್ನು ಅದರಿಂದ ಹೊರಗಿಡುವುದು ಸಾಮಾನ್ಯ. ಆದರೆ ಪುಟಮಿತಿಯನ್ನು ಕಾರ್ಡಿನಲ್ಲಿ ನಮೂದಿಸದೆ ಬಾಯಿಮಾತಿನಲ್ಲಿ ಹೇಳಿದ್ದರೆ, ಆ ಷರತ್ತು ಎಲ್ಲಿದೆಯೆಂದು ಲಿಖಿತವಾಗಿ ಕೇಳುವುದು ನ್ಯಾಯಸಮ್ಮತ. ಯಂತ್ರದಿಂದಲೇ ಕಾನ್ಫಿಗರೇಷನ್ ಪುಟವನ್ನು ಮುದ್ರಿಸಿಟ್ಟುಕೊಂಡರೆ ಒಟ್ಟು ಪುಟಗಳ ಎಣಿಕೆ ದೊರೆಯುತ್ತದೆ. ರಸೀದಿಯೊಡನೆ ಜಾಬ್ ಶೀಟನ್ನೂ ಕಾಪಾಡಿಕೊಳ್ಳಬೇಕು. ಆ ಎಣಿಕೆ ನಮಗೆ ಪ್ರತಿಕೂಲವಾಗಿ ನಿಲ್ಲುವ ಸಂದರ್ಭವೂ ಉಂಟು, ಆದುದರಿಂದ ದೂರಿಗೆ ಮುನ್ನವೇ ಅದನ್ನು ನೋಡತಕ್ಕದ್ದು.

ಅಂಗಡಿಯಲ್ಲಿ ಬಳಸಿದುದರಿಂದ ನೀವು ಗ್ರಾಹಕರೇ ಅಲ್ಲವೆಂಬ ವಾದ ಬಂದೀತು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 2(7)ನೆಯ ಕಲಮು ವಾಣಿಜ್ಯೋದ್ದೇಶದ ಖರೀದಿಯನ್ನು ಹೊರಗಿಟ್ಟಿರುವುದು ನಿಜವಾದರೂ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡು ತಾನೇ ಬಳಸಿದ ವಸ್ತು ಆ ನಿಷೇಧಕ್ಕೆ ಒಳಪಡದೆಂದು ಅದರ ವಿವರಣೆ ಸ್ಪಷ್ಟಪಡಿಸುತ್ತದೆ. ನಮ್ಮ ಕೊಟ್ಟೂರಿನವನಿಗೆ ಈ ವಿವರಣೆಯೇ ಆಧಾರ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ರಾಜಿ ಯತ್ನಿಸಿಯೂ ಫಲವಿಲ್ಲದಿದ್ದಲ್ಲಿ, ತಾನು ವಾಸಿಸುವ ಸ್ಥಳದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಮಾರಾಟಗಾರನ ಊರಿಗೇ ಹೋಗಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೋಷವು ತಯಾರಿಕೆಯದೋ ಬಳಕೆಯದೋ ಎಂಬುದು ಪರೀಕ್ಷೆಯಿಲ್ಲದೆ ನಿರ್ಣಯವಾಗದಿದ್ದರೆ, ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲದು, ಮತ್ತು ಅದರ ಶುಲ್ಕವನ್ನು ದೂರುದಾರನೇ ಠೇವಣಿಯಿಡಬೇಕಾದೀತು. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲತಕ್ಕದ್ದು.